ಬೇಸ್‌ಮೆಂಟಿನ ವೈಫೈ ಪಬ್ಲಿಕ್ಕೋ, ಪ್ರೈವೇಟೋ?

ಪ್ರೈವೇಟ್ ಅಂದ್ರೆ ಖಾಸಗಿ, ಪಬ್ಲಿಕ್ ಅಂದ್ರೆ ಸಾರ್ವಜನಿಕ. ಇಷ್ಟು ನಮಗೆಲ್ಲ ಗೊತ್ತು. ತೊಂದರೆ ಶುರುವಾಗೋದೇ ಇಲ್ಲಿಂದ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವೈಫೈ ಸೆಟ್ಟಿಂಗ್ ತೆಗೆದಾಗ ಈ ಎರಡು ಪದ ಎದುರಿಗೆ ಬಂದರೆ, ಯಾರಾದರೂ ಏನು ಮಾಡ್ತಾರೆ? "ಇದು ಮನೆ, ನನ್ನ ಲ್ಯಾಪ್‌ಟಾಪು, ಖಾಸಗಿಯಾಗೇ ಇರಲಿ" ಅಂತ ಪ್ರೈವೇಟ್ ಒತ್ತುತ್ತಾರೆ. ಪಬ್ಲಿಕ್ ಒತ್ತಿದರೆ ನಮ್ಮ ಫೋಟೋ, ಫೈಲು ಎಲ್ಲ ಊರಿಗೇ ಬಯಲಾಗುತ್ತೆ ಅನ್ನೋ ಭಯ ಬೇರೆ. ನಿಜ ಅದರ ತದ್ವಿರುದ್ಧ. ಆ ಪದ ಹೇಳುತ್ತಿರೋದು ನಿಮ್ಮ ಕಂಪ್ಯೂಟರಿನ ಬಗ್ಗೆ ಅಲ್ಲ, ಅದು ಸೇರಿಕೊಂಡಿರೋ ನೆಟ್‌ವರ್ಕಿನ ಬಗ್ಗೆ. "ಇದು ಪಬ್ಲಿಕ್ ಜಾಗ, ಇಲ್ಲಿ ಯಾರ್ಯಾರೋ ಇರ್ತಾರೆ" ಅಂತ ನೀವು ಹೇಳಿದರೆ ವಿಂಡೋಸ್ ಬಾಗಿಲು ಹಾಕಿಕೊಳ್ಳುತ್ತೆ. "ಇದು ಪ್ರೈವೇಟ್, ಎಲ್ಲ ನಮ್ಮೋರೇ" ಅಂದರೆ ಚಿಲಕ ಸಡಿಲ ಮಾಡುತ್ತೆ.

ನಮ್ಮೂರ ಕಡೆಯ ವಠಾರ ನೆನಪು ಮಾಡ್ಕೊಳ್ಳಿ. ರಸ್ತೆಗೆ ಒಂದು ದೊಡ್ಡ ಗೇಟು, ಒಳಗೆ ಸಾಲಾಗಿ ಐದಾರು ಮನೆ, ಪ್ರತಿ ಮನೆಗೂ ಅದರದೇ ಬಾಗಿಲು. ಮನೆಯ ರೌಟರ್ ಆ ಗೇಟು ಇದ್ದ ಹಾಗೆ. ಹೊರಗಿನ ಇಂಟರ್ನೆಟ್ಟಿನಿಂದ ಯಾರೋ ನೇರವಾಗಿ ನಿಮ್ಮ ಲ್ಯಾಪ್‌ಟಾಪಿಗೆ ನುಗ್ಗದ ಹಾಗೆ ಸಾಮಾನ್ಯವಾಗಿ ಅದೇ ತಡೆಯುತ್ತೆ. ಗೇಟಿನೊಳಗೆ ಇರೋರಿಂದ ನಿಮ್ಮನ್ನ ಕಾಯೋದು ಮನೆ ಬಾಗಿಲು, ಅಂದರೆ ವಿಂಡೋಸಿನ ಫೈರ್‌ವಾಲ್. ಪಬ್ಲಿಕ್-ಪ್ರೈವೇಟ್ ಆಯ್ಕೆ ಈ ಒಳಬಾಗಿಲಿಗೆ ಸಂಬಂಧಿಸಿದ್ದು. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ "ಇದು ಮನೆಯಾ?" ಅಂತ ಅಲ್ಲ. "ಈ ಗೇಟಿನೊಳಗೆ ಯಾರ್ಯಾರಿದ್ದಾರೆ?" ಅಂತ.

ನಾನಿರೋದು ಮಾರ್ಖಂನ ಯೂನಿಯನ್‌ವಿಲ್‌ನಲ್ಲಿ. ಮೇನ್ ಸ್ಟ್ರೀಟ್, ಟೂಗುಡ್ ಪಾಂಡ್ ಫೋಟೋಗಳನ್ನ ನಮ್ಮೋರ ಇನ್‌ಸ್ಟಾಗ್ರಾಮಿನಲ್ಲಿ ನೀವೂ ನೋಡಿರ್ತೀರ. 2024ರಲ್ಲಿ ಯಾರ್ಕ್ ಯೂನಿವರ್ಸಿಟಿಯ ಮಾರ್ಖಂ ಕ್ಯಾಂಪಸ್ ಶುರುವಾದ ಮೇಲಂತೂ ಗೋ ಸ್ಟೇಷನ್ ಕಡೆ ನಮ್ಮಂಥ ಹುಡುಗರದ್ದೇ ಓಡಾಟ. ನಾವು ಮೂರು ಜನ ಕನ್ನಡದ ಹುಡುಗರು ಒಂದು ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೀವಿ. ಮೇಲೆ ಮನೆ ಮಾಲೀಕರ ಸಂಸಾರ, ಪಂಜಾಬಿ ಕಡೆಯವರು. ಬಾಡಿಗೆಯಲ್ಲೇ ಇಂಟರ್ನೆಟ್ಟೂ ಸೇರಿದೆ, ಅಂದರೆ ಮೇಲೂ ಕೆಳಗೂ ಒಂದೇ ರೌಟರ್, ಒಂದೇ ಪಾಸ್‌ವರ್ಡ್. ಟೊರಾಂಟೊ ಸುತ್ತಮುತ್ತ ಬೇಸ್‌ಮೆಂಟ್ ಹಿಡಿದಿರೋ ಬಹಳಷ್ಟು ವಿದ್ಯಾರ್ಥಿಗಳ ಕಥೆ ಇದೇ.

ಒಂದು ದಿನ ಅಂಕಲ್ ವೈಫೈ ನಿಧಾನ ಅಂತ ನನ್ನ ಕರೆದರು. ಎಂಜಿನಿಯರಿಂಗ್ ಓದಿದ ಹುಡುಗ ಮನೆಯಲ್ಲಿದ್ದರೆ ಇದೊಂದು ಪುಕ್ಕಟೆ ಸರ್ವಿಸ್! ರೌಟರಿನ ಆ್ಯಪ್ ತೆಗೆದು ನೋಡಿದರೆ 23 ಸಾಧನಗಳು ಸೇರಿಕೊಂಡಿದ್ದವು. ಅದರಲ್ಲಿ ನಮ್ಮ ಮೂವರದ್ದು 7. ಉಳಿದದ್ದು ಅವರ ಫೋನುಗಳು, ಟಿವಿ, ಬಾಗಿಲ ಬೆಲ್ಲಿನ ಕ್ಯಾಮೆರಾ, ಮಗನ ಗೇಮಿಂಗ್ ಕಂಪ್ಯೂಟರ್, ಯಾವುದೋ ಹಳೇ ಲ್ಯಾಪ್‌ಟಾಪ್. ಮತ್ತೆ ಮೂರು ಯಾರದ್ದು ಅಂತ ಅಂಕಲ್‌ಗೂ ಗೊತ್ತಿರಲಿಲ್ಲ. "ಹಿಂದಿನ ಬಾಡಿಗೆಯವರದ್ದು ಹಳೇ ಹೆಸರು ಹಾಗೇ ಉಳ್ಕೊಂಡಿರಬಹುದು ಬೇಟಾ" ಅಂದರು. ನಮ್ಮ ವಠಾರದ ಗೇಟಿನೊಳಗೆ ಇಷ್ಟು ಜನ. ಇದಕ್ಕೆ ಪ್ರೈವೇಟ್ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಈಗ ಆಯ್ಕೆ ಬದಲಾದರೆ ಒಳಗೆ ಏನು ಬದಲಾಗುತ್ತೆ ಅಂತ ನೋಡೋಣ. ಮೊದಲು ಬದಲಾಗದ್ದು: ನೀವಾಗೇ ಹೊರಗೆ ಹೋಗೋ ಯಾವುದಕ್ಕೂ ತಡೆ ಇಲ್ಲ. ಯೂಟ್ಯೂಬು, ಝೂಮ್ ಕ್ಲಾಸು, ಅಮ್ಮನ ಜೊತೆ ವಿಡಿಯೋ ಕಾಲು ಎರಡರಲ್ಲೂ ಒಂದೇ ಥರ ನಡೆಯುತ್ತೆ. ಪ್ರೈವೇಟ್ ಮಾಡಿದರೆ ಸ್ಪೀಡ್ ಜಾಸ್ತಿಯಾಗುತ್ತೆ ಅನ್ನೋದು ಬರೀ ಮಾತು. ಒಳಗೆ ಬರೋರ ವಿಷಯದಲ್ಲೂ ಮೂಲ ನಿಯಮ ಎರಡಕ್ಕೂ ಒಂದೇ: ಅನುಮತಿಯ ರೂಲ್ ಇಲ್ಲದಿದ್ದರೆ ಯಾರಿಗೂ ಪ್ರವೇಶ ಇಲ್ಲ. ವ್ಯತ್ಯಾಸ ಇರೋದು ಆ ರೂಲುಗಳ ಪಟ್ಟಿಯಲ್ಲಿ. ಫೈರ್‌ವಾಲ್ ಪ್ರತಿ ರೂಲಿನ ಪಕ್ಕ "ಇದು ಪ್ರೈವೇಟಿನಲ್ಲಿ ಮಾತ್ರ", "ಇದು ಎರಡರಲ್ಲೂ" ಅಂತ ಬರೆದಿಟ್ಟುಕೊಂಡಿರುತ್ತೆ. (ಆಫೀಸಿನ ಕಂಪ್ಯೂಟರುಗಳಿಗೆ ಡೊಮೇನ್ ಅನ್ನೋ ಮೂರನೇ ವಿಧವೂ ಇದೆ, ಅದನ್ನ ನಾವು ಆರಿಸೋ ಹಾಗಿಲ್ಲ, ಬಿಡಿ.)

ಪ್ರೈವೇಟ್ ಮಾಡಿದಾಗ ಸಡಿಲವಾಗೋದು ಮುಖ್ಯವಾಗಿ ಎರಡು. ಒಂದು, ನೆಟ್‌ವರ್ಕ್ ಡಿಸ್ಕವರಿ. ನಿಮ್ಮ ಲ್ಯಾಪ್‌ಟಾಪು ವಠಾರದ ಅಂಗಳದಲ್ಲಿ ನಿಂತು "ನಾನಿಲ್ಲಿದ್ದೀನಿ, ನನ್ನ ಹೆಸರು ಇಂಥದ್ದು" ಅಂತ ಕೂಗುತ್ತೆ, ಬೇರೆಯವರು ಕೂಗಿದರೆ ಉತ್ತರ ಕೊಡುತ್ತೆ. ಎರಡು, ಫೈಲ್ ಮತ್ತು ಪ್ರಿಂಟರ್ ಹಂಚಿಕೆ. ನೀವು ಯಾವುದಾದರೂ ಫೋಲ್ಡರನ್ನ ಶೇರ್ ಮಾಡಿದಾಗ 445 ನಂಬರಿನ ಪೋರ್ಟ್ ಪ್ರೈವೇಟ್ ನೆಟ್‌ವರ್ಕಿನಲ್ಲಿ ತೆರೆದುಕೊಳ್ಳುತ್ತೆ. ಇದರ ಜೊತೆಗೆ ಗೇಮು, ಸ್ಟ್ರೀಮಿಂಗ್ ಆ್ಯಪುಗಳು ಮೊದಲ ಸಲ ಓಡುವಾಗ ಫೈರ್‌ವಾಲಿನಲ್ಲಿ ಅನುಮತಿ ಕೇಳುತ್ತವಲ್ಲ, ಪ್ರೈವೇಟಿಗೆ ಮಾತ್ರ ಅಂತ ನೀವು ಕೊಟ್ಟ ಅನುಮತಿಗಳೆಲ್ಲ ಆಗ ಜೀವ ಪಡೆಯುತ್ತವೆ.

ಇದೆಲ್ಲ ಪುಸ್ತಕದ ಮಾತಾಯ್ತು. ನಮ್ಮ ಬೇಸ್‌ಮೆಂಟಿನಲ್ಲೇ ಆದದ್ದು ಹೇಳ್ತೀನಿ.

ನನ್ನ ಹುಬ್ಬಳ್ಳಿ ರೂಮ್‌ಮೇಟ್ ಹತ್ತಿರ ಎರಡು ಲ್ಯಾಪ್‌ಟಾಪ್ ಇವೆ, ಊರಿಂದ ತಂದ ಹಳೇದು, ಇಲ್ಲಿ ತಗೊಂಡ ಹೊಸದು. ಹಳೇದರಲ್ಲಿದ್ದ ಪ್ರಾಜೆಕ್ಟ್ ಡೇಟಾ ಹೊಸದಕ್ಕೆ ಸಾಗಿಸಬೇಕಿತ್ತು. ಅವನು ಮನೆ ವೈಫೈ ಅಂತ ಹಳೇ ಲ್ಯಾಪ್‌ಟಾಪನ್ನ ಪ್ರೈವೇಟ್ ಮಾಡಿ, ಡಾಕ್ಯುಮೆಂಟ್ಸ್ ಫೋಲ್ಡರನ್ನ ಇಡಿಯಾಗಿ ಶೇರ್ ಮಾಡಿದ. ಹೊಸದರಿಂದ ತೆಗೆಯೋಕೆ ಹೋದರೆ ಯೂಸರ್ ನೇಮು, ಪಾಸ್‌ವರ್ಡ್ ಕೇಳ್ತು. ಅವನು ದಿನಾ ಒತ್ತೋ ಪಿನ್ ಹಾಕಿದ, ಆಗಲಿಲ್ಲ. ಆಗೋದೂ ಇಲ್ಲ. ಆ ಪಿನ್ ಆ ಲ್ಯಾಪ್‌ಟಾಪಿನ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕಿನ ಮೂಲಕ ಬರುವವರಿಗೆ ಅಕೌಂಟಿನ ಪೂರ್ತಿ ಪಾಸ್‌ವರ್ಡೇ ಬೇಕು. ಅದು ಅವನಿಗೆ ನೆನಪಿರಲಿಲ್ಲ. ಯಾವುದೋ ವಿಡಿಯೋ ನೋಡಿಕೊಂಡು, ಹಂಚಿಕೆಗೆ ಪಾಸ್‌ವರ್ಡ್ ಬೇಕು ಅನ್ನೋ ಸ್ವಿಚ್ಚನ್ನೇ ಆರಿಸಿದ, ಫೋಲ್ಡರಿಗೆ `Everyone` ಅಂತ ಸೇರಿಸಿ ಓದೋಕೂ ಬರೆಯೋಕೂ ಅನುಮತಿ ಕೊಟ್ಟ. ಫೈಲುಗಳು ಬಂದವು. ಅವನ ಕೆಲಸ ಮುಗೀತು, ಸ್ವಿಚ್ಚು ಹಾಗೇ ಉಳೀತು.

ಎರಡು ವಾರ ಆದ ಮೇಲೆ ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಇನ್ನೇನನ್ನೋ ಹುಡುಕುತ್ತಾ ಅವನ ಕಂಪ್ಯೂಟರ್ ಹೆಸರು ನೋಡಿದೆ, ಕ್ಲಿಕ್ ಮಾಡಿದರೆ ತೆರೆದೇ ಬಿಡ್ತು. ಪಾಸ್‌ಪೋರ್ಟ್ ಸ್ಕ್ಯಾನು, ಸ್ಟಡಿ ಪರ್ಮಿಟ್ಟು, ಅವರಪ್ಪ ಮನೆ ಮೇಲೆ ತೆಗೆದ ಎಜುಕೇಶನ್ ಲೋನಿನ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟು, ಎಲ್ಲ ಸಾಲಾಗಿ.

"ಲೇ, ನಿನ್ನ ಪಾಸ್‌ಪೋರ್ಟ್ ನನ್ನ ಸ್ಕ್ರೀನಲ್ಲಿದೆ ನೋಡು" ಅಂದೆ.

"ಹೆಂಗ್ ಬರ್ತದಲೇ ಅದು? ನಾ ಪ್ರೈವೇಟ್ ಇಟ್ಟೀನಲ್ಲೋ!" ಅಂತ ಅವನ ಉತ್ತರ.

ನನಗೆ ಕಾಣೋದಾದರೆ ಮೇಲಿನ ಮಗನ ಗೇಮಿಂಗ್ ಕಂಪ್ಯೂಟರಿಗೂ, ಯಾರದ್ದು ಅಂತ ಗೊತ್ತಿಲ್ಲದ ಆ ಮೂರಕ್ಕೂ ಕಾಣಬಹುದಿತ್ತು. ನೋಡೋದಷ್ಟೇ ಅಲ್ಲ, ಅಳಿಸಲೂಬಹುದಿತ್ತು. ಆದದ್ದೇನೂ ಇಲ್ಲ, ಅದು ಅವನ ಪುಣ್ಯ.

ಬರೀ ಮಾತಿನಲ್ಲಿ ಹೇಳಿದರೆ ಅವನು ನಂಬೋನಲ್ಲ, ಹಾಗಾಗಿ ಅಲ್ಲೇ ಪರೀಕ್ಷೆ ಮಾಡಿದೆವು. ಅವನ ಲ್ಯಾಪ್‌ಟಾಪಿನಲ್ಲಿ `ipconfig` ಹೊಡೆದು ವಿಳಾಸ ನೋಡಿಕೊಂಡೆವು, 192.168.0.14 ಇತ್ತು. ಆಮೇಲೆ ನನ್ನ ಲ್ಯಾಪ್‌ಟಾಪಿನ ಪವರ್‌ಶೆಲ್ಲಿನಲ್ಲಿ ಹೀಗೆ ಹೊಡೆದೆ:

```
Test-NetConnection 192.168.0.14 -Port 445
```

ಕೊನೆಯ ಸಾಲು `TcpTestSucceeded : True` ಅಂತ ಬಂತು. ಬಾಗಿಲು ತೆಗೆದಿದೆ ಅಂತ ಅರ್ಥ. ಈಗ ಅವನು ಸೆಟ್ಟಿಂಗ್ಸಿನಲ್ಲಿ `Network & internet` ತೆಗೆದು, ಮೇಲೆ ವೈಫೈ ಹೆಸರಿನ ಕೆಳಗಿದ್ದ `Properties` ಒತ್ತಿ, `Public network` ಆರಿಸಿದ. ಬೇರೇನನ್ನೂ ಮುಟ್ಟಲಿಲ್ಲ. ನಾನು ಅದೇ ಸಾಲನ್ನ ಮತ್ತೆ ಹೊಡೆದೆ. ಸ್ವಲ್ಪ ಹೊತ್ತು ಕಾಯಿಸಿ `False` ಬಂತು. ಶೇರ್ ಮಾಡಿದ ಫೋಲ್ಡರ್ ಇನ್ನೂ ಶೇರ್ ಆಗೇ ಇತ್ತು, ಪಾಸ್‌ವರ್ಡ್ ಸ್ವಿಚ್ ಇನ್ನೂ ಆರಿಯೇ ಇತ್ತು, ಆದರೆ ಬಾಗಿಲೇ ಮುಚ್ಚಿದ ಮೇಲೆ ಒಳಗಿನ ಬೀರು ತೆರೆದಿದ್ದರೆ ಯಾರಿಗೆ ಕಾಣುತ್ತೆ? ಬೀರುವನ್ನೂ ಮುಚ್ಚಬೇಕು, ಅದು ಬೇರೆ ಮಾತು. ಅವತ್ತೇ `Advanced sharing settings` ಒಳಗೆ ಹೋಗಿ ಪಾಸ್‌ವರ್ಡ್ ಸ್ವಿಚ್ ಆನ್ ಮಾಡಿದ, ಫೋಲ್ಡರಿನ ಶೇರಿಂಗ್ ತೆಗೆದ. ಆ ಪಾಸ್‌ವರ್ಡ್ ಸ್ವಿಚ್ಚು ಅಲ್ಲಿ ಎಲ್ಲ ನೆಟ್‌ವರ್ಕುಗಳಿಗೂ ಸೇರಿ ಒಂದೇ ಇರುತ್ತೆ ಅನ್ನೋದನ್ನ ಗಮನಿಸಿ. ಪಬ್ಲಿಕ್-ಪ್ರೈವೇಟ್ ಬದಲಿಸಿದರೆ ಅದು ತಾನಾಗಿ ಸರಿಹೋಗಲ್ಲ.

ಈ ಪರೀಕ್ಷೆ ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಪಬ್ಲಿಕ್ ಇಟ್ಟ ಮೇಲೂ `True` ಬಂದರೆ ಒಂದು ಕಾರಣ ಹುಡುಕಬೇಕು. ಪಬ್ಲಿಕ್ ನೆಟ್‌ವರ್ಕಿನಲ್ಲಿದ್ದಾಗ ಹಂಚಿಕೆ ಆನ್ ಮಾಡೋಕೆ ಹೋದರೆ ವಿಂಡೋಸ್ ಒಂದು ಪೆಟ್ಟಿಗೆ ತೋರಿಸಿ ಎರಡು ದಾರಿ ಕೊಡುತ್ತೆ: ಈ ಒಂದು ನೆಟ್‌ವರ್ಕನ್ನ ಪ್ರೈವೇಟ್ ಮಾಡು, ಇಲ್ಲವೇ ಎಲ್ಲ ಪಬ್ಲಿಕ್ ನೆಟ್‌ವರ್ಕುಗಳಲ್ಲೂ ಹಂಚಿಕೆ ಆನ್ ಮಾಡು. "ಎಲ್ಲ" ಅಂದರೆ ನಿಜವಾಗ್ಲೂ ಎಲ್ಲ. ನಾಳೆ ಟಿಮ್ ಹಾರ್ಟನ್ಸಿನಲ್ಲಿ ಕೂತಾಗಲೂ, ಪಿಯರ್ಸನ್ ಏರ್‌ಪೋರ್ಟಿನಲ್ಲಿ ಫ್ಲೈಟ್ ಕಾಯುವಾಗಲೂ. ಆ ಎರಡನೇ ಬಟನ್ ಒತ್ತಿದವರಿಗೆ ಪಬ್ಲಿಕ್ ಅನ್ನೋದು ಹೆಸರಿಗಷ್ಟೇ ಉಳಿಯುತ್ತೆ. `Advanced sharing settings` ನಲ್ಲಿ `Public networks` ಭಾಗ ಬಿಡಿಸಿ ನೋಡಿದರೆ ಗೊತ್ತಾಗುತ್ತೆ, ಅಲ್ಲಿ ಎರಡೂ ಸ್ವಿಚ್ ಆಫ್ ಇರಬೇಕು. ನನ್ನ ಲೆಕ್ಕದಲ್ಲಿ ಪ್ರೈವೇಟ್ ಒತ್ತೋದಕ್ಕಿಂತ ಇದು ದೊಡ್ಡ ಅಪಾಯ. ಪ್ರೈವೇಟ್ ಒಂದು ನೆಟ್‌ವರ್ಕಿಗೆ ನಿಲ್ಲುತ್ತೆ, ಇದು ನಿಮ್ಮ ಜೊತೆ ಊರೆಲ್ಲ ಸುತ್ತುತ್ತೆ.

"ಮನೆಯೋರೆಲ್ಲ ಒಳ್ಳೇವ್ರಣ್ಣಾ, ಯಾಕಿಷ್ಟು ಅನುಮಾನ?" ಅಂತ ನಮ್ಮ ಮೂರನೆಯವನು, ಶಿವಮೊಗ್ಗದ ಜೂನಿಯರ್, ಕೇಳಿದ. ಒಳ್ಳೇವ್ರೇ. ಆಂಟಿ ಚಳಿಗಾಲದಲ್ಲಿ ರಾಜ್ಮಾ ಕೊಟ್ಟು ಕಳಿಸ್ತಾರೆ. ಆದರೆ ಇಲ್ಲಿ ನಂಬಬೇಕಾದದ್ದು ಜನರನ್ನಲ್ಲ, ಅವರ ಸಾಧನಗಳನ್ನ. 2017ರ ಮೇ ತಿಂಗಳಲ್ಲಿ ಬಂದ ವಾನಾಕ್ರೈ ಅನ್ನೋ ವೈರಸ್ ನೆನಪಿದೆಯಾ? ನಾವಿನ್ನೂ ಸ್ಕೂಲು-ಪಿಯುಸಿ ಕಾಲ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ಅದು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನೇ ನಿಲ್ಲಿಸಿಬಿಟ್ಟಿತ್ತು. ಅದು ಒಂದು ಕಂಪ್ಯೂಟರಿನಿಂದ ಪಕ್ಕದ ಕಂಪ್ಯೂಟರಿಗೆ ಹಾರಿದ್ದು ಇದೇ 445ನೇ ಪೋರ್ಟಿನ ಮೂಲಕ, ಯಾರೂ ಏನನ್ನೂ ಕ್ಲಿಕ್ ಮಾಡದೆ. ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚಿನಲ್ಲೇ ಅಪ್‌ಡೇಟ್ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಮೇಲಿನ ಮನೆಯ ಆ ಹಳೇ ಲ್ಯಾಪ್‌ಟಾಪು ಕೊನೇ ಸಲ ಯಾವಾಗ ಅಪ್‌ಡೇಟ್ ಆಗಿದೆಯೋ ಆಂಟಿಗೆ ಹೇಗೆ ಗೊತ್ತಿರುತ್ತೆ? ಪಬ್ಲಿಕ್ ಇದ್ದರೆ ಅದಕ್ಕೆ ಏನಾದರೂ ಅಂಟಿಕೊಂಡರೂ ನಿಮ್ಮ 445 ಬಾಗಿಲು ಮುಚ್ಚಿರುತ್ತೆ.

ಹಾಗಂತ ಪಬ್ಲಿಕ್ ಮಾಡಿದ ತಕ್ಷಣ ನೀವು ಮಾಯವಾಗಲ್ಲ. ಆಯ್ಕೆ ಬರೀ ಒಳಬಾಗಿಲಿನದು. ನಿಮ್ಮ ಇಂಟರ್ನೆಟ್ ಓಡಾಟವೆಲ್ಲ ಹೋಗೋದು ಅದೇ ಗೇಟಿನ ಮೂಲಕ, ಅಂದರೆ ರೌಟರ್ ಯಾರ ಕೈಲಿದೆಯೋ ಅವರಿಗೆ ನೀವು ಯಾವ ಸೈಟಿಗೆ ಹೋದಿರಿ ಅನ್ನೋದು ಎರಡರಲ್ಲೂ ಒಂದೇ ಮಟ್ಟಿಗೆ ಕಾಣಬಹುದು. ಅದು ಬೇಡ ಅಂದರೆ ವಿಪಿಎನ್ ಕಡೆ ನೋಡಬೇಕು. ಅದರ ಕಥೆಯೇ ಬೇರೆ.

ಇನ್ನೊಂದು ಸಾಮಾನ್ಯ ನೆಪ ಪ್ರಿಂಟರ್. "ಪ್ರಿಂಟ್ ಆಗಬೇಕು ಅಂದ್ರೆ ಪ್ರೈವೇಟ್ ಮಾಡಲೇಬೇಕು" ಅಂತಾರೆ. ವೈಫೈಗೆ ನೇರವಾಗಿ ಸೇರಿರೋ ಪ್ರಿಂಟರಿಗೆ ಬೇಕಾಗಿಲ್ಲ. ಪ್ರಿಂಟ್ ಕಳಿಸೋದು ನೀವು, ಅದು ಹೊರಗೆ ಹೋಗೋ ಕೆಲಸ. ಪಬ್ಲಿಕ್ಕಿನಲ್ಲಿ ಪ್ರಿಂಟರ್ ತಾನಾಗಿ ಪಟ್ಟಿಯಲ್ಲಿ ಕಾಣದೇ ಹೋಗಬಹುದು ಅಷ್ಟೆ. ಆಗ ಪ್ರಿಂಟರಿನ ಪುಟ್ಟ ಸ್ಕ್ರೀನಿನಲ್ಲಿ ಅದರ ಐಪಿ ವಿಳಾಸ ನೋಡಿಕೊಂಡು, ಕೈಯಾರೆ ಸೇರಿಸಿದರೆ ಆಯ್ತು. ನಮ್ಮ ಬೇಸ್‌ಮೆಂಟಿನ ಪ್ರಿಂಟರ್ ಹಾಗೇ ನಡೀತಿದೆ. ಪ್ರಿಂಟರ್ ಒಂದು ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಸೇರಿದ್ದು, ಅಲ್ಲಿಂದ ಬೇರೆಯವರಿಗೆ ಹಂಚಬೇಕು ಅಂದರೆ ಮಾತ್ರ ಆ ಕಂಪ್ಯೂಟರ್ ಪ್ರೈವೇಟ್ ಇರಬೇಕು.

ಪ್ರೈವೇಟ್ ಯಾವಾಗ ಸರಿ? ಯಾರಾದರೂ ನಿಮ್ಮ ಲ್ಯಾಪ್‌ಟಾಪಿನ ಒಳಗೆ ಬರಬೇಕಾದ ಕೆಲಸ ಇದ್ದಾಗ, ಗೇಟಿನೊಳಗೆ ಇರೋರೆಲ್ಲ ಗೊತ್ತಿರೋರಾದಾಗ. ದಾವಣಗೆರೆಯ ನಮ್ಮ ಮನೆಯಲ್ಲಿ ಅಪ್ಪನ ಕಂಪ್ಯೂಟರ್ ಪ್ರೈವೇಟ್ ಇದೆ, ಹಳೇ ಫೋಟೋಗಳ ಫೋಲ್ಡರನ್ನ ಅಮ್ಮ ತಮ್ಮ ಲ್ಯಾಪ್‌ಟಾಪಿನಿಂದ ನೋಡ್ತಾರೆ. ಅಲ್ಲಿರೋದೇ ನಾಲ್ಕು ಸಾಧನ. (ಪಕ್ಕದ ಮನೆ ಹುಡುಗನಿಗೆ ಪರೀಕ್ಷೆ ಟೈಮಲ್ಲಿ ಅಮ್ಮ ಪಾಸ್‌ವರ್ಡ್ ಕೊಟ್ಟಿದ್ದರು ಅಂತ ಆಮೇಲೆ ಗೊತ್ತಾಯ್ತು. ಐದು ಅನ್ನಿ.)

ಬೇಸ್‌ಮೆಂಟಿನಲ್ಲೂ ಒಂದು ಸಂಜೆಗೆ ಪ್ರೈವೇಟ್ ಮಾಡಿ ವಾಪಸ್ ತರೋದಕ್ಕೆ ನನ್ನ ತಕರಾರಿಲ್ಲ. ಹುಬ್ಬಳ್ಳಿಯವನು ಈಗ ಹಾಗೇ ಮಾಡ್ತಾನೆ. ಎರಡೂ ಲ್ಯಾಪ್‌ಟಾಪ್ ಪ್ರೈವೇಟ್ ಆಗಬೇಕಾಗಿಲ್ಲ. ಫೋಲ್ಡರ್ ಯಾವುದರಲ್ಲಿದೆಯೋ ಅದೊಂದು ಸಾಕು, ತೆಗೆದುಕೊಳ್ಳೋದು ಪಬ್ಲಿಕ್ಕಿನಲ್ಲೇ ಇರಲಿ. ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ಫೈಲ್ ಎಕ್ಸ್‌ಪ್ಲೋರರಿನ ವಿಳಾಸದ ಜಾಗದಲ್ಲಿ `\\192.168.0.14` ಅಂತ ಹೊಡೆದರೆ ತೆರೆಯುತ್ತೆ. ಇಡೀ ಡಾಕ್ಯುಮೆಂಟ್ಸ್ ಬದಲು ಒಂದು ಹೊಸ ಫೋಲ್ಡರ್ ಮಾಡಿ, ಬೇಕಾದ್ದನ್ನಷ್ಟೇ ಅದಕ್ಕೆ ಹಾಕಿ, ಕೆಲಸ ಆದ ಮೇಲೆ ಶೇರಿಂಗ್ ತೆಗೆಯೋದು. ನಿಜ ಹೇಳಬೇಕಂದ್ರೆ ಒಂದೇ ಸಲದ ಕೆಲಸಕ್ಕೆ ಪೆನ್ ಡ್ರೈವ್ ಇನ್ನೂ ಸುಲಭ.

ಅಂದಹಾಗೆ, ವಿಂಡೋಸ್ 11 ಹೊಸ ನೆಟ್‌ವರ್ಕನ್ನ ತಾನಾಗೇ ಪಬ್ಲಿಕ್ ಅಂತ ಇಟ್ಟುಕೊಳ್ಳುತ್ತೆ, ಆ ಆಯ್ಕೆಯ ಕೆಳಗೆ ಮನೆಯಲ್ಲೂ ಬಹುತೇಕ ಇದೇ ಸಾಕು ಅನ್ನೋ ಅರ್ಥದ ಒಂದು ಸಾಲೂ ಇದೆ. ಹಳೇ ವಿಂಡೋಸ್ 7 ಕಾಲದಲ್ಲಿ ಮನೆ, ಆಫೀಸು, ಪಬ್ಲಿಕ್ ಅಂತ ಮೂರು ಚಿತ್ರ ತೋರಿಸಿ ಆರಿಸು ಅಂತಿತ್ತು, ಮನೆ ಅಂದರೆ ನಂಬಿಕಸ್ಥ ಅಂತಲೇ ಲೆಕ್ಕ. ನಮ್ಮ ಅಣ್ಣಂದಿರು, ಮಾವಂದಿರು "ಮನೆ ಅಂದ್ರೆ ಪ್ರೈವೇಟ್ ಇಡು" ಅಂತ ಫೋನಿನಲ್ಲಿ ಹೇಳಿಕೊಡೋದು ಆ ಕಾಲದ ಪಾಠ. ಆಗ ಒಂದು ಮನೆಯಲ್ಲಿ ಇರ್ತಿದ್ದದ್ದೇ ಒಂದೆರಡು ಕಂಪ್ಯೂಟರು.

ಈ ಜನವರಿಯಲ್ಲಿ ಅಂಕಲ್ ರೌಟರ್ ಬದಲಿಸಿದರು. ಹೆಸರು, ಪಾಸ್‌ವರ್ಡ್ ಹಳೇದೇ ಇಟ್ಟರು, ಯಾರಿಗೂ ತೊಂದರೆ ಆಗಬಾರದು ಅಂತ. ಮಾರನೇ ದಿನ ಮೇಲಿನ ಮಗ ಕೆಳಗೆ ಬಂದ, ಅವನ ಕಂಪ್ಯೂಟರಿನಿಂದ ಟಿವಿಗೆ ಸಿನಿಮಾ ಹೋಗ್ತಿಲ್ಲ ಅಂತ. ಅವನ ಕಂಪ್ಯೂಟರಿನಲ್ಲಿ ಇದನ್ನ ಹೊಡೆದೆ:

```
Get-NetConnectionProfile
```

`Name` ಮುಂದೆ ವೈಫೈ ಹೆಸರಿನ ಕೊನೆಗೆ ಒಂದು 2 ಸೇರಿಕೊಂಡಿತ್ತು, `NetworkCategory` ಮುಂದೆ `Public` ಅಂತಿತ್ತು. ನಮಗೆ ಹೆಸರು ಒಂದೇ ಆದರೂ ವಿಂಡೋಸ್ ಗೇಟಿನ ಗುರುತು ನೋಡುತ್ತೆ. ಹೊಸ ರೌಟರ್ ಬಂದದ್ದಕ್ಕೆ ಇದು ಬೇರೆ ವಠಾರ ಅಂದುಕೊಂಡು ಹೊಸದಾಗಿ ಪಬ್ಲಿಕ್ಕಿನಿಂದ ಶುರು ಮಾಡಿತ್ತು. ಅವನ ಸಿನಿಮಾ ಫೋಲ್ಡರನ್ನ ಟಿವಿ ಒಳಗೆ ಬಂದು ಓದಬೇಕು, ಹಾಗಾಗಿ ಅವನಿಗೆ ಪ್ರೈವೇಟ್ ನಿಜಕ್ಕೂ ಬೇಕು. ಮಾಡಿಕೊಟ್ಟೆ, ಪಾಸ್‌ವರ್ಡ್ ಸ್ವಿಚ್ ಆನ್ ಇದೆಯಾ ಅಂತ ನೋಡಿದೆ. ಆಮೇಲೆ ಅಂಕಲ್‌ಗೆ ಕೇಳಿ ಹೊಸ ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿಸಿದೆ, ಬೇಸ್‌ಮೆಂಟಿನ ನಾವು ಮೂವರೂ ಈಗ ಅದರಲ್ಲಿದ್ದೀವಿ. ಮೇಲಿನ ಸಾಧನಗಳು ನಮಗೆ ಕಾಣಲ್ಲ, ನಾವು ಅವಕ್ಕೆ ಕಾಣಲ್ಲ. ಈ ರೌಟರ್ ಗೆಸ್ಟ್‌ಗಳನ್ನ ಒಬ್ಬರಿಂದೊಬ್ಬರಿಗೂ ಬೇರೆ ಮಾಡುತ್ತೆ, ಹಾಗಾಗಿ ಲ್ಯಾಪ್‌ಟಾಪ್ ಪ್ರೈವೇಟ್ ಮಾಡಿದರೂ ಹಂಚಿಕೆ ನಡೆಯಲ್ಲ. ಪ್ರಿಂಟರನ್ನೂ ಯುಎಸ್‌ಬಿ ವೈರಿಗೆ ಹಾಕಬೇಕಾಯ್ತು. ಹುಬ್ಬಳ್ಳಿಯವನು ಅವತ್ತೇ ಹೋಗಿ 128 ಜಿಬಿಯ ಪೆನ್ ಡ್ರೈವ್ ತಂದ.